ಮಕ್ಕಳ ವಿಶ್ರಾಂತ ಸ್ಥಿತಿಯ ಶಕ್ತಿ ಅಗತ್ಯ: ತೂಕ ಮತ್ತು ಎತ್ತರ ಬಳಸುವ ಸ್ಕೋಫೀಲ್ಡ್ ಸಮೀಕರಣಗಳನ್ನು ತಪ್ಪಿಲ್ಲದೆ ಲೆಕ್ಕ ಹಾಕುವ ಸಮಗ್ರ ಮಾರ್ಗದರ್ಶಿ

ಮಗುವಿನ ತೂಕ ಮತ್ತು ಎತ್ತರವನ್ನು ಸೂತ್ರಕ್ಕೆ ಹಾಕಿದಾಗ ಒಬ್ಬರಿಗೆ ದಿನಕ್ಕೆ 493 ಕಿಲೋಕ್ಯಾಲರಿ ಬರುತ್ತದೆ, ಇನ್ನೊಬ್ಬರಿಗೆ ಅದೇ ಮಗುವಿಗೆ 1269 ಬರುತ್ತದೆ. ಸರಿಯಾದ ಉತ್ತರ 1157 ಆಗಿರುತ್ತದೆ. ಪಥ್ಯಾಹಾರ ವಿಭಾಗದ ವಿದ್ಯಾರ್ಥಿಗಳಿಂದ ಮತ್ತು ಮಕ್ಕಳ ವಾರ್ಡಿನಲ್ಲಿ ಕೆಲಸ ಮಾಡುವವರಿಂದ ಮತ್ತೆ ಮತ್ತೆ ಬರುವ ಪ್ರಶ್ನೆಗಳನ್ನು ನೋಡಿದರೆ, ಗುಣಾಕಾರ ಮತ್ತು ಸಂಕಲನದಲ್ಲಿ ಎಡವುವವರು ಬಹಳ ಕಡಿಮೆ ಎಂಬುದು ತಿಳಿಯುತ್ತದೆ. ತಪ್ಪು ನಡೆಯುವುದು ಅದಕ್ಕೂ ಮೊದಲು, ಅಂದರೆ ವಯಸ್ಸನ್ನು ಎಣಿಸುವಾಗ, ಅಳತೆಯ ಮಾನವನ್ನು ಬರೆಯುವಾಗ ಮತ್ತು ಸೂತ್ರವನ್ನು ಆರಿಸುವಾಗ. ಆದ್ದರಿಂದ ಈ ಬರಹವು ಹಂತಗಳ ಕ್ರಮಕ್ಕೆ ಹೆಚ್ಚಿನ ಒತ್ತು ಕೊಡುತ್ತದೆ.

ಇಲ್ಲಿ ತೆಗೆದುಕೊಂಡಿರುವುದು 1985ರಲ್ಲಿ ಪ್ರಕಟವಾದ ಸ್ಕೋಫೀಲ್ಡ್ ಸಮೀಕರಣಗಳು. ಅವುಗಳಲ್ಲಿ ಎರಡು ಬಗೆಯಿವೆ: ತೂಕವನ್ನು ಮಾತ್ರ ಕೇಳುವವು ಮತ್ತು ತೂಕದ ಜೊತೆಗೆ ಎತ್ತರವನ್ನೂ ಕೇಳುವವು. ಈ ಮಾರ್ಗದರ್ಶಿ ಎರಡನೆಯ ಬಗೆಯ ಕುರಿತಾದದ್ದು. ಮೊದಲನೆಯದನ್ನು ಹೋಲಿಸಿ ನೋಡುವುದಕ್ಕೆ ಮಾತ್ರ ಬಳಸುತ್ತೇನೆ.

## ಬೇಕಾಗುವ ಸಲಕರಣೆಗಳು

ಕನಿಷ್ಠ 100 ಗ್ರಾಂ ವ್ಯತ್ಯಾಸವನ್ನಾದರೂ ತೋರಿಸುವ ಡಿಜಿಟಲ್ ತೂಕದ ಯಂತ್ರ ಬೇಕು. ಶಿಶುಗಳಿಗೆ ಇದಕ್ಕಿಂತ ಸೂಕ್ಷ್ಮವಾದ, ಮಲಗಿಸಿ ತೂಗುವ ಯಂತ್ರ ಬೇಕು. ನಿಂತ ಎತ್ತರಕ್ಕೆ ಸ್ಟೇಡಿಯೋಮೀಟರ್, ಮಲಗಿದ ಉದ್ದಕ್ಕೆ ಇನ್ಫ್ಯಾಂಟೋಮೀಟರ್ ಬೇಕು. ಗೋಡೆಗೆ ಅಂಟಿಸಿದ ಚಿತ್ರದ ಅಳತೆಪಟ್ಟಿಯನ್ನು ನಂಬಬೇಡಿ. ಅದು ನೆಲದಿಂದಲೇ ಆರಂಭವಾಗಿದೆಯೇ ಎಂಬುದನ್ನು ಸಾಮಾನ್ಯವಾಗಿ ಯಾರೂ ಪರೀಕ್ಷಿಸಿರುವುದಿಲ್ಲ. ಇವುಗಳ ಜೊತೆಗೆ ಮಗುವಿನ ಜನ್ಮದಿನಾಂಕವನ್ನು ತೋರಿಸುವ ದಾಖಲೆ ಮತ್ತು ಸಾಧಾರಣ ಕ್ಯಾಲ್ಕುಲೇಟರ್ ಇದ್ದರೆ ಸಾಕು.

## ಹಂತ 1: ವಯಸ್ಸನ್ನು ತುಂಬಿದ ವರ್ಷಗಳಲ್ಲಿ ಎಣಿಸಿ

ಸಮೀಕರಣಗಳು ಮೂರು ವಯೋಗುಂಪುಗಳಲ್ಲಿವೆ: ಹುಟ್ಟಿನಿಂದ 3 ವರ್ಷ ತುಂಬುವವರೆಗೆ, 3 ತುಂಬಿದಲ್ಲಿಂದ 10 ತುಂಬುವವರೆಗೆ, ಮತ್ತು 10 ತುಂಬಿದಲ್ಲಿಂದ 18 ತುಂಬುವವರೆಗೆ. ಮೂರನೆಯ ಹುಟ್ಟುಹಬ್ಬದ ದಿನದಿಂದ ಮಗು ಎರಡನೆಯ ಗುಂಪಿಗೆ ಸೇರುತ್ತದೆ, ಹತ್ತನೆಯ ಹುಟ್ಟುಹಬ್ಬದ ದಿನದಿಂದ ಮೂರನೆಯ ಗುಂಪಿಗೆ ಸೇರುತ್ತದೆ ಎಂಬ ಒಂದೇ ನಿಯಮವನ್ನು ಎಲ್ಲ ಮಕ್ಕಳಿಗೂ ಅನ್ವಯಿಸಿ.

ತಾಯಂದಿರು ಸಾಮಾನ್ಯವಾಗಿ ನಡೆಯುತ್ತಿರುವ ವರ್ಷವನ್ನು ಹೇಳುತ್ತಾರೆ. ‘ಅವಳಿಗೀಗ ಹತ್ತು ನಡೀತಾ ಇದೆ’ ಎಂದರೆ ಒಂಬತ್ತು ತುಂಬಿ ಹತ್ತನೆಯ ವರ್ಷದಲ್ಲಿದ್ದಾಳೆ ಎಂದರ್ಥ, ಹಾಗಾಗಿ ಆ ಹುಡುಗಿ ಇನ್ನೂ ಎರಡನೆಯ ಗುಂಪಿನಲ್ಲಿಯೇ ಇದ್ದಾಳೆ. ಬಾಯಿಮಾತಿನ ವಯಸ್ಸನ್ನು ಬರೆದುಕೊಳ್ಳುವ ಬದಲು ಜನ್ಮದಿನಾಂಕವನ್ನು ಕೇಳಿ. ತಾಯಿ ಕಾರ್ಡ್ ಅಥವಾ ಜನನ ಪ್ರಮಾಣಪತ್ರ ಸಿಕ್ಕಿದರೆ ಅದನ್ನೇ ನೋಡಿ. ಶಾಲೆಗೆ ಸೇರಿಸುವ ಅನುಕೂಲಕ್ಕಾಗಿ ಶಾಲಾ ದಾಖಲೆಯಲ್ಲಿ ಜೂನ್ ತಿಂಗಳ ಯಾವುದೋ ಒಂದು ದಿನಾಂಕವನ್ನು ಬರೆಸಿರುವುದುಂಟು. ಸ್ಪ್ರೆಡ್‌ಶೀಟ್ ಬಳಸುವವರು ಜನ್ಮದಿನಾಂಕವನ್ನು A2 ಕೋಶದಲ್ಲೂ ಅಳತೆಯ ದಿನಾಂಕವನ್ನು B2 ಕೋಶದಲ್ಲೂ ಇಟ್ಟು ಹೀಗೆ ಬರೆದರೆ ತುಂಬಿದ ವರ್ಷಗಳು ಬರುತ್ತವೆ:

```
=DATEDIF(A2,B2,"Y")
```

ವಯಸ್ಸನ್ನು ಎಣಿಸಬೇಕಾದದ್ದು ಅಳತೆ ತೆಗೆದ ದಿನಕ್ಕೆ ಎಂಬುದನ್ನು ಗಮನಿಸಿ. ಕಳೆದ ತಿಂಗಳು ಅಳೆದ ಮಗುವಿನ ಲೆಕ್ಕವನ್ನು ಈ ತಿಂಗಳು ಮಾಡುವಾಗ ಈ ದಿನದ ವಯಸ್ಸನ್ನು ಹಾಕಿದರೆ, ಹುಟ್ಟುಹಬ್ಬ ನಡುವೆ ಬಂದಿದ್ದ ಪಕ್ಷದಲ್ಲಿ ಗುಂಪೇ ಬದಲಾಗಿಬಿಡುತ್ತದೆ.

## ಹಂತ 2: ಸರಿಯಾದ ಸಮೀಕರಣವನ್ನು ಆರಿಸಿ

ಕೆಳಗಿನ ಎಲ್ಲ ಸಮೀಕರಣಗಳಲ್ಲಿ W ಎಂದರೆ ಕಿಲೋಗ್ರಾಂನಲ್ಲಿ ತೂಕ, H ಎಂದರೆ ಸೆಂಟಿಮೀಟರ್‌ನಲ್ಲಿ ಎತ್ತರ ಅಥವಾ ಉದ್ದ. ಉತ್ತರ ದಿನಕ್ಕೆ ಇಷ್ಟು ಕಿಲೋಕ್ಯಾಲರಿ ಎಂದು ಬರುತ್ತದೆ.

ಗಂಡು ಮಕ್ಕಳಿಗೆ, ಕ್ರಮವಾಗಿ ಮೂರು ವಯೋಗುಂಪುಗಳು:

```
0-3    0.167 W + 15.174 H - 617.6
3-10   19.59 W + 1.303 H + 414.9
10-18  16.25 W + 1.372 H + 515.5
```

ಹೆಣ್ಣು ಮಕ್ಕಳಿಗೆ:

```
0-3    16.252 W + 10.232 H - 413.5
3-10   16.969 W + 1.618 H + 371.2
10-18  8.365 W + 4.65 H + 200
```

ಈ ಆರು ಸಾಲುಗಳಲ್ಲಿ ಎರಡಕ್ಕೆ ಮಾತ್ರ ಕೊನೆಯಲ್ಲಿ ಕಳೆಯುವ ಚಿಹ್ನೆಯಿದೆ, ಮತ್ತು ಅವೆರಡೂ ಮೂರು ವರ್ಷದೊಳಗಿನ ಮಕ್ಕಳಿಗೆ ಸೇರಿದವು. ನಕಲು ಮಾಡುವಾಗ ಅಲ್ಲಿ ಕೂಡಿಸುವ ಚಿಹ್ನೆ ಬಂದರೆ ಉತ್ತರವು ಸಾವಿರಕ್ಕೂ ಹೆಚ್ಚು ಕಿಲೋಕ್ಯಾಲರಿಯಷ್ಟು ಏರಿಬಿಡಬಹುದು.

ಇನ್ನೊಂದು ಗೊಂದಲಕ್ಕೆ ಕಾರಣ ಇದೇ ವಯೋಗುಂಪುಗಳಲ್ಲಿ ಚಲಾವಣೆಯಲ್ಲಿರುವ ಬೇರೆ ಸಮೀಕರಣಗಳು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ಇತರ ಅಂಗಸಂಸ್ಥೆಗಳು 1985ರಲ್ಲಿ ಹೊರತಂದ ವರದಿಯ ಸಮೀಕರಣಗಳು ತೂಕವನ್ನು ಮಾತ್ರ ಬಳಸುತ್ತವೆ. ಅದರಲ್ಲಿ 3ರಿಂದ 10 ವರ್ಷದ ಗಂಡು ಮಕ್ಕಳ ಸೂತ್ರ 22.7 W + 495 ಎಂದಿದೆ. ಸ್ಕೋಫೀಲ್ಡ್‌ನ ತೂಕ ಮಾತ್ರದ ಸೂತ್ರ ಅದೇ ಗುಂಪಿಗೆ 22.706 W + 504.3 ಎಂದಿದೆ. ಎರಡೂ ನೋಡುವುದಕ್ಕೆ ಒಂದೇ ಬಗೆಯಾಗಿರುವುದರಿಂದ ಒಂದರ ಗುಣಾಂಕಕ್ಕೆ ಇನ್ನೊಂದರ ಸ್ಥಿರಾಂಕವನ್ನು ಜೋಡಿಸಿದ ಪಟ್ಟಿಗಳು ಕೈಯಿಂದ ಕೈಗೆ ಹರಿದಾಡುತ್ತವೆ. ಒಂದು ಮಗುವಿಗೆ ಒಂದೇ ಮೂಲದ ಸಾಲನ್ನು ಪೂರ್ತಿಯಾಗಿ ಬಳಸಿ, ಯಾವ ಸಮೀಕರಣವನ್ನು ಬಳಸಿದಿರಿ ಎಂಬುದನ್ನು ಉತ್ತರದ ಪಕ್ಕದಲ್ಲಿಯೇ ಬರೆದಿಡಿ.

## ಹಂತ 3: ಯಾವ ಅಳತೆ ಹೆಚ್ಚು ಭಾರ ಹೊರುತ್ತದೆ ಎಂಬುದನ್ನು ಮೊದಲೇ ನೋಡಿ

ಹೆಚ್ಚಿನವರು ಈ ಹಂತವನ್ನು ಬಿಟ್ಟುಬಿಡುತ್ತಾರೆ. ನನ್ನ ಅಭಿಪ್ರಾಯದಲ್ಲಿ ಇಡೀ ಲೆಕ್ಕದ ವಿಶ್ವಾಸಾರ್ಹತೆ ಇದರ ಮೇಲೆಯೇ ನಿಂತಿದೆ. ಮೇಲಿನ ಆರು ಸಾಲುಗಳನ್ನು ಮತ್ತೊಮ್ಮೆ ಓದಿ, W ಮತ್ತು H ಮುಂದಿರುವ ಗುಣಾಂಕಗಳನ್ನು ಮಾತ್ರ ಗಮನಿಸಿ. ಒಂದು ಕಿಲೋ ತಪ್ಪು ತೂಗಿದರೆ ಉತ್ತರ ಎಷ್ಟು ಅಲುಗುತ್ತದೆ, ಒಂದು ಸೆಂಟಿಮೀಟರ್ ತಪ್ಪು ಅಳೆದರೆ ಎಷ್ಟು ಅಲುಗುತ್ತದೆ ಎಂಬುದನ್ನು ಅವೇ ಹೇಳುತ್ತವೆ.

ಮೂರರಿಂದ ಹತ್ತು ವರ್ಷದ ಗಂಡು ಮಗುವಿನಲ್ಲಿ ಒಂದು ಕಿಲೋ ವ್ಯತ್ಯಾಸವು ಸುಮಾರು 20 ಕಿಲೋಕ್ಯಾಲರಿಗೆ ಸಮ, ಒಂದು ಸೆಂಟಿಮೀಟರ್ ವ್ಯತ್ಯಾಸ 1.3 ಕಿಲೋಕ್ಯಾಲರಿಗೆ ಮಾತ್ರ ಸಮ. ಇಲ್ಲಿ ಎತ್ತರದಲ್ಲಿ ಎರಡು ಮೂರು ಸೆಂಟಿಮೀಟರ್ ಹೆಚ್ಚುಕಡಿಮೆಯಾದರೂ ಲೆಕ್ಕ ಕೆಡುವುದಿಲ್ಲ. ಆದರೆ ಶಾಲೆಯ ಬೂಟು, ಸ್ವೆಟರ್ ಸಮೇತ ತೂಗಿದರೆ ಕೆಡುತ್ತದೆ. ಹತ್ತು ದಾಟಿದ ಹುಡುಗರಲ್ಲಿಯೂ ಹೆಚ್ಚುಕಡಿಮೆ ಇದೇ ಸ್ಥಿತಿ.

ಹತ್ತು ದಾಟಿದ ಹುಡುಗಿಯರಲ್ಲಿ ಚಿತ್ರ ಬದಲಾಗುತ್ತದೆ. ತೂಕದ ಗುಣಾಂಕ 8.365ಕ್ಕೆ ಇಳಿದು ಎತ್ತರದ ಗುಣಾಂಕ 4.65ಕ್ಕೆ ಏರಿರುತ್ತದೆ, ಆದ್ದರಿಂದ ಎತ್ತರದಲ್ಲಿ ಎರಡು ಸೆಂಟಿಮೀಟರ್ ತಪ್ಪಾದರೆ ತೂಕದಲ್ಲಿ ಒಂದು ಕಿಲೋ ತಪ್ಪಾದದ್ದಕ್ಕಿಂತಲೂ ಉತ್ತರ ಹೆಚ್ಚು ವಾಲುತ್ತದೆ. ಜಡೆ ಕಟ್ಟಿದ, ತಲೆಯ ಮೇಲೆ ಕ್ಲಿಪ್ ಹಾಕಿದ ಹುಡುಗಿಯನ್ನು ಹಾಗೆಯೇ ನಿಲ್ಲಿಸಿ ಅಳೆಯುವುದು ಈ ಗುಂಪಿನಲ್ಲಿ ಸಣ್ಣ ತಪ್ಪಲ್ಲ.

ಮೂರು ವರ್ಷದೊಳಗಿನ ಗಂಡು ಮಗುವಿನ ಸಮೀಕರಣವು ಎಲ್ಲಕ್ಕಿಂತ ವಿಚಿತ್ರವಾದದ್ದು. ಅದರಲ್ಲಿ ತೂಕದ ಗುಣಾಂಕ 0.167 ಇರುವುದರಿಂದ ತೂಕವು ಹೆಸರಿಗೆ ಮಾತ್ರ ಇದೆ; ಉತ್ತರವೆಲ್ಲ ಉದ್ದದಿಂದಲೇ ಬರುತ್ತದೆ, ಒಂದು ಸೆಂಟಿಮೀಟರ್‌ಗೆ 15 ಕಿಲೋಕ್ಯಾಲರಿಯಂತೆ. ಎಂಟೊಂಬತ್ತು ಕಿಲೋ ತೂಗುವ ಮಗು ಕೈಕಾಲು ಬಡಿಯುತ್ತಿರುವಾಗ ಇನ್ಫ್ಯಾಂಟೋಮೀಟರಿನಲ್ಲಿ ಮೊಣಕಾಲು ಮಡಿಸಿಕೊಂಡು ಎರಡು ಸೆಂಟಿಮೀಟರ್ ಗಿಡ್ಡವಾಗಿ ಅಳೆಯಲ್ಪಟ್ಟರೆ, 30 ಕಿಲೋಕ್ಯಾಲರಿ ಹೊರಟುಹೋಗುತ್ತದೆ. ಹೀಗಾಗಿ ಈ ಗುಂಪಿನಲ್ಲಿ ಇಬ್ಬರು ಸೇರಿ ಅಳೆಯುವುದು ಕಡ್ಡಾಯವೆಂದೇ ತಿಳಿಯಿರಿ. ಇದೇ ಗುಂಪಿನ ಹೆಣ್ಣು ಮಗುವಿನ ಸಮೀಕರಣದಲ್ಲಿ ತೂಕ ಮತ್ತು ಉದ್ದ ಎರಡಕ್ಕೂ ಅರ್ಥಪೂರ್ಣವಾದ ಪಾಲಿದೆ.

## ಹಂತ 4: ಅಳತೆಗಳನ್ನು ತೆಗೆಯಿರಿ

ತೂಕಕ್ಕೆ ಮೊದಲು ಯಂತ್ರವನ್ನು ಗಟ್ಟಿಯಾದ ಸಮತಟ್ಟು ನೆಲದ ಮೇಲೆ ಇಟ್ಟು ಸೊನ್ನೆ ತೋರಿಸುತ್ತಿದೆಯೇ ಎಂದು ನೋಡಿ. ಬೂಟು, ಬೆಲ್ಟು, ಜೇಬಿನ ಸಾಮಾನು, ಭಾರದ ಹೊರಬಟ್ಟೆ ತೆಗೆಸಿ, ತೆಳುವಾದ ಬಟ್ಟೆಯಲ್ಲಿ ತೂಗಿ. ಶಿಶುವನ್ನು ಬಟ್ಟೆಯಿಲ್ಲದೆ ಅಥವಾ ಒಣಗಿದ ಲಂಗೋಟಿಯಲ್ಲಿ ತೂಗಿ.

ನಿಂತ ಎತ್ತರಕ್ಕೆ ಮಗು ಬರಿಗಾಲಿನಲ್ಲಿ ನಿಂತು ಹಿಮ್ಮಡಿ, ಪೃಷ್ಠ, ಹೆಗಲು ಹಲಗೆಗೆ ತಾಗುವಂತಿರಬೇಕು, ದೃಷ್ಟಿ ನೇರವಾಗಿರಬೇಕು. ಗದ್ದ ಮೇಲೆತ್ತಿದ ಮಗು ಎತ್ತರವಾಗಿ ಕಾಣುತ್ತದೆಯೇ ಹೊರತು ಅಳತೆ ಸರಿಬರುವುದಿಲ್ಲ. ಎರಡು ಸಲ ಅಳೆದು ಸರಾಸರಿ ತೆಗೆದುಕೊಳ್ಳಿ. ಎರಡರ ನಡುವೆ ಅರ್ಧ ಸೆಂಟಿಮೀಟರ್‌ಗಿಂತ ಹೆಚ್ಚು ಅಂತರವಿದ್ದರೆ ಮೂರನೆಯ ಸಲ ಅಳೆಯಿರಿ.

ಎರಡು ವರ್ಷದೊಳಗಿನ ಮಗುವನ್ನು ಮಲಗಿಸಿ ಅಳೆಯಬೇಕು, ಎರಡು ತುಂಬಿದ ಮಗುವನ್ನು ನಿಲ್ಲಿಸಿ ಅಳೆಯಬೇಕು. ಚಿಕ್ಕ ಮಗುವನ್ನು ಅನಿವಾರ್ಯವಾಗಿ ನಿಲ್ಲಿಸಿ ಅಳೆದಿದ್ದರೆ ವಿಶ್ವ ಆರೋಗ್ಯ ಸಂಸ್ಥೆಯ ಬೆಳವಣಿಗೆಯ ಮಾನದಂಡದಲ್ಲಿರುವಂತೆ 0.7 ಸೆಂಟಿಮೀಟರ್ ಕೂಡಿಸಿ, ಎರಡು ದಾಟಿದ ಮಗುವನ್ನು ಮಲಗಿಸಿ ಅಳೆದಿದ್ದರೆ ಅಷ್ಟನ್ನೇ ಕಳೆಯಿರಿ. ಗಂಡು ಶಿಶುವಿನಲ್ಲಿ ಈ 0.7 ಸೆಂಟಿಮೀಟರ್ ಎಂದರೆ ಸುಮಾರು 11 ಕಿಲೋಕ್ಯಾಲರಿ.

ಅಡಿ ಮತ್ತು ಇಂಚಿನಲ್ಲಿ ಬರೆದಿಟ್ಟ ಹಳೆಯ ದಾಖಲೆಯನ್ನು ಬಳಸುವಾಗ ಒಂದು ಎಚ್ಚರಿಕೆ ಬೇಕು. 4 ಅಡಿ 8 ಇಂಚನ್ನು 4.8 ಅಡಿ ಎಂದು ಬರೆದು ಸೆಂಟಿಮೀಟರ್‌ಗೆ ಪರಿವರ್ತಿಸಿದರೆ 146.3 ಬರುತ್ತದೆ. ಅಡಿಗೆ ಹನ್ನೆರಡು ಇಂಚಾದ್ದರಿಂದ ನಿಜವಾದ ಎತ್ತರ 56 ಇಂಚು, ಅಂದರೆ 142.2 ಸೆಂಟಿಮೀಟರ್. ಹತ್ತು ದಾಟಿದ ಹುಡುಗಿಗೆ ಈ ಒಂದೇ ತಪ್ಪಿನಿಂದ 19 ಕಿಲೋಕ್ಯಾಲರಿ ಹೆಚ್ಚಾಗುತ್ತದೆ.

ಬೆನ್ನು ಬಾಗಿರುವ ಅಥವಾ ಸೆರೆಬ್ರಲ್ ಪಾಲ್ಸಿಯಿಂದ ನಿಲ್ಲಲಾಗದ ಮಗುವಿನ ಎತ್ತರವನ್ನು ಕಣ್ಣಂದಾಜಿನಿಂದ ಹಾಕಬಾರದು. ಹಿಮ್ಮಡಿಯಿಂದ ಮಂಡಿಯವರೆಗಿನ ಉದ್ದವನ್ನು ಮಂಡಿಯನ್ನು ಸಮಕೋನದಲ್ಲಿ ಮಡಿಸಿ ಅಳೆದು, ಸೆಂಟಿಮೀಟರ್‌ನಲ್ಲಿರುವ ಆ ಅಳತೆಯನ್ನು 2.69ರಿಂದ ಗುಣಿಸಿ 24.2 ಕೂಡಿಸಿದರೆ ಎತ್ತರದ ಅಂದಾಜು ಸಿಗುತ್ತದೆ. ಇದು ಸೆರೆಬ್ರಲ್ ಪಾಲ್ಸಿ ಇರುವ, ಹನ್ನೆರಡು ವರ್ಷದವರೆಗಿನ ಮಕ್ಕಳಿಗಾಗಿ ರೂಪಿಸಿದ ಸೂತ್ರ. ಆದರೂ ಸ್ನಾಯುಗಳ ಬಿಗಿತ ಅಥವಾ ಸಡಿಲಿಕೆಯಿಂದಾಗಿ ಈ ಮಕ್ಕಳ ಶಕ್ತಿ ಅಗತ್ಯವು ಯಾವುದೇ ಸಮೀಕರಣದಿಂದ ದೂರ ಸರಿಯಬಹುದು ಎಂಬುದನ್ನು ಉತ್ತರದ ಜೊತೆ ಬರೆದಿಡಿ.

ಮೈಯಲ್ಲಿ ನೀರು ತುಂಬಿ ಊದಿಕೊಂಡಿರುವ ಮಗುವಿನ ಆ ದಿನದ ತೂಕ ಸೂತ್ರಕ್ಕೆ ಯೋಗ್ಯವಲ್ಲ. ಮೂತ್ರಪಿಂಡದ ತೊಂದರೆಯಿರುವ ಏಳು ವರ್ಷದ ಹುಡುಗನ ಮೈಯಲ್ಲಿ ಮೂರು ಕಿಲೋ ನೀರು ನಿಂತಿದ್ದರೆ ಲೆಕ್ಕದಲ್ಲಿ 59 ಕಿಲೋಕ್ಯಾಲರಿ ಸುಳ್ಳಾಗಿ ಸೇರುತ್ತದೆ, ಏಕೆಂದರೆ ಆ ನೀರು ಶಕ್ತಿಯನ್ನು ವ್ಯಯಿಸುವ ಅಂಗಾಂಶವಲ್ಲ. ಊತ ಇಲ್ಲದಿದ್ದಾಗಿನ ಇತ್ತೀಚಿನ ತೂಕವನ್ನು ವೈದ್ಯರಿಂದ ಕೇಳಿ ಪಡೆಯಿರಿ.

## ಹಂತ 5: ಲೆಕ್ಕ ಹಾಕಿ

ಒಂದು ಉದಾಹರಣೆಯನ್ನು ಮೊದಲಿನಿಂದ ಕೊನೆಯವರೆಗೆ ಮಾಡಿ ನೋಡೋಣ. ಹುಡುಗಿಯೊಬ್ಬಳ ಜನ್ಮದಿನಾಂಕ 14 ಜೂನ್ 2013, ಅಳತೆಯ ದಿನಾಂಕ 3 ಫೆಬ್ರವರಿ 2025. ಹಾಗಿದ್ದರೆ 11 ವರ್ಷ ತುಂಬಿ ಏಳು ತಿಂಗಳು ಕಳೆದಿದೆ, ಮೂರನೆಯ ವಯೋಗುಂಪು. ತೆಳುಬಟ್ಟೆಯಲ್ಲಿ ತೂಕ 34.2 ಕೆ.ಜಿ. ಎತ್ತರ ಮೊದಲ ಸಲ 144.2, ಎರಡನೆಯ ಸಲ 144.4 ಸೆಂ.ಮೀ. ಬಂದಿತು, ಸರಾಸರಿ 144.3.

ಹೆಣ್ಣು ಮಕ್ಕಳ ಮೂರನೆಯ ಸಾಲನ್ನು ತೆಗೆದುಕೊಂಡು, ಪ್ರತಿ ಪದವನ್ನು ಬೇರೆಬೇರೆಯಾಗಿ ಬರೆಯಿರಿ. ಒಂದೇ ಉಸಿರಿನಲ್ಲಿ ಕ್ಯಾಲ್ಕುಲೇಟರಿಗೆ ಹಾಕಿದರೆ ಎಲ್ಲಿ ತಪ್ಪಿತೆಂದು ಆಮೇಲೆ ಹುಡುಕುವುದು ಕಷ್ಟ.

```
8.365 × 34.2  = 286.1
4.65 × 144.3  = 671.0
286.1 + 671.0 + 200 = 1157.1
```

ಉತ್ತರ ದಿನಕ್ಕೆ 1157 ಕಿಲೋಕ್ಯಾಲರಿ. ಸಮೀಕರಣದ ನಿಖರತೆಯೇ ಅಷ್ಟಿಲ್ಲದ ಕಾರಣ ದಾಖಲೆಯಲ್ಲಿ 1160 ಎಂದು ಹತ್ತರ ಹತ್ತಿರಕ್ಕೆ ತಂದು ಬರೆಯಿರಿ, 1157.1 ಎಂದು ಬರೆದರೆ ಇಲ್ಲದ ಖಚಿತತೆಯನ್ನು ಓದುವವರಿಗೆ ತೋರಿಸಿದಂತಾಗುತ್ತದೆ. ಸ್ಪ್ರೆಡ್‌ಶೀಟಿನಲ್ಲಿ ತೂಕ C2 ಕೋಶದಲ್ಲೂ ಎತ್ತರ D2 ಕೋಶದಲ್ಲೂ ಇದ್ದರೆ ಇದೇ ಲೆಕ್ಕ ಹೀಗಿರುತ್ತದೆ:

```
=ROUND(8.365*C2+4.65*D2+200,-1)
```

ಈಗ ಇದೇ ಹುಡುಗಿಯ ಲೆಕ್ಕದಲ್ಲಿ ಸಾಮಾನ್ಯ ತಪ್ಪುಗಳು ಹೇಗೆ ಕಾಣುತ್ತವೆ ಎಂಬುದನ್ನು ನೋಡಿ. ಎತ್ತರವನ್ನು 144.3ರ ಬದಲು ಮೀಟರಿನಲ್ಲಿ 1.443 ಎಂದು ಹಾಕಿದರೆ 493 ಬರುತ್ತದೆ. ಇದೇ ಸಮೀಕರಣಗಳು ಮೀಟರ್ ಮತ್ತು ಮೆಗಾಜೂಲ್ ರೂಪದಲ್ಲಿಯೂ ಮುದ್ರಣವಾಗಿರುವುದರಿಂದ ಈ ತಪ್ಪು ಬಹಳ ಸುಲಭವಾಗಿ ನಡೆಯುತ್ತದೆ. ಗಂಡು ಮಕ್ಕಳ ಸಾಲನ್ನು ಬಳಸಿದರೆ 1269 ಬರುತ್ತದೆ, ಅಂದರೆ 112 ಕಿಲೋಕ್ಯಾಲರಿ ಹೆಚ್ಚು. ಮೂರರಿಂದ ಹತ್ತು ವರ್ಷದ ಸಾಲನ್ನು ಬಳಸಿದರೆ 1185 ಬರುತ್ತದೆ. ಈ ಮೂರರಲ್ಲಿ ಮೊದಲನೆಯದು ನೋಡಿದ ಕೂಡಲೇ ಸಿಕ್ಕಿಬೀಳುತ್ತದೆ. ಕೊನೆಯದು ಸಿಕ್ಕಿಬೀಳುವುದೇ ಇಲ್ಲ, ಏಕೆಂದರೆ ಉತ್ತರ ನಂಬುವಂತೆಯೇ ಇರುತ್ತದೆ. ವಯಸ್ಸಿನ ಎಣಿಕೆಯನ್ನು ಮೊದಲ ಹಂತವಾಗಿ ಇಟ್ಟಿರುವುದಕ್ಕೆ ಇದೇ ಕಾರಣ.

## ಹಂತ 6: ಉತ್ತರವನ್ನು ಪರೀಕ್ಷಿಸಿ

ಮೊದಲ ಪರೀಕ್ಷೆ: ಉತ್ತರವನ್ನು ತೂಕದಿಂದ ಭಾಗಿಸಿ. ನಮ್ಮ ಉದಾಹರಣೆಯಲ್ಲಿ 1157ನ್ನು 34.2ರಿಂದ ಭಾಗಿಸಿದರೆ ಕಿಲೋಗೆ ಸುಮಾರು 34 ಕಿಲೋಕ್ಯಾಲರಿ ಬರುತ್ತದೆ. ಸಾಧಾರಣ ಮೈಕಟ್ಟಿನ ಮಕ್ಕಳಲ್ಲಿ ಈ ಅಂಕಿ ಒಂದೆರಡು ವರ್ಷದವರಲ್ಲಿ ಅರವತ್ತರ ಆಸುಪಾಸಿನಲ್ಲಿದ್ದು, ವಯಸ್ಸು ಏರಿದಂತೆ ಇಳಿಯುತ್ತಾ ಹದಿಹರೆಯದ ಕೊನೆಗೆ ಮೂವತ್ತರ ಒಳಗೆ ಬರುತ್ತದೆ. ಹನ್ನೊಂದು ವರ್ಷದವಳಿಗೆ ಕಿಲೋಗೆ 14 ಬಂದರೆ ಮೀಟರಿನ ತಪ್ಪು ನಡೆದಿದೆ ಎಂದೇ ಅರ್ಥ. ಇದೇ ವಯಸ್ಸಿಗೆ 60 ಬಂದರೆ ತೂಕವನ್ನೋ ಸಾಲನ್ನೋ ತಪ್ಪಾಗಿ ಹಾಕಿದ್ದೀರಿ.

ಎರಡನೆಯ ಪರೀಕ್ಷೆ: ತೂಕ ಮಾತ್ರದ ಸ್ಕೋಫೀಲ್ಡ್ ಸಮೀಕರಣದಿಂದ ಮತ್ತೊಮ್ಮೆ ಲೆಕ್ಕ ಹಾಕಿ ಅಂತರವನ್ನು ನೋಡಿ. ಈ ವಯಸ್ಸಿನ ಹುಡುಗಿಯರಿಗೆ ಅದು 13.384 W + 692.6. ಇದರಿಂದ 1150 ಬರುತ್ತದೆ. ಎರಡರ ನಡುವೆ ಏಳೆಂಟು ಕಿಲೋಕ್ಯಾಲರಿ ಅಂತರವಷ್ಟೇ. ಮಗುವಿನ ತೂಕ ಎತ್ತರಕ್ಕೆ ತಕ್ಕಂತಿದ್ದಾಗ ಎರಡೂ ಹತ್ತಿರವೇ ಬರುತ್ತವೆ. ಅಂತರ ದೊಡ್ಡದಾಗಿದ್ದರೆ, ಅಳತೆ ತಪ್ಪಾಗಿರಬೇಕು ಅಥವಾ ಮಗುವಿನ ಮೈಕಟ್ಟು ಸಾಧಾರಣಕ್ಕಿಂತ ಬಹಳ ಬೇರೆಯಾಗಿರಬೇಕು.

ಎರಡನೆಯ ಸ್ಥಿತಿಗೆ ಉದಾಹರಣೆಯಾಗಿ 150 ಸೆಂ.ಮೀ. ಎತ್ತರ, 60 ಕೆ.ಜಿ. ತೂಕದ ಹನ್ನೆರಡು ವರ್ಷದ ಹುಡುಗಿಯನ್ನು ತೆಗೆದುಕೊಳ್ಳಿ. ತೂಕ ಮತ್ತು ಎತ್ತರದ ಸಮೀಕರಣ 1399 ಕೊಡುತ್ತದೆ, ತೂಕ ಮಾತ್ರದ ಸಮೀಕರಣ 1496 ಕೊಡುತ್ತದೆ. ಹೆಚ್ಚುವರಿ ತೂಕದ ದೊಡ್ಡ ಪಾಲು ಕೊಬ್ಬು ಆಗಿರುವುದರಿಂದ ಮತ್ತು ಕೊಬ್ಬಿನ ಅಂಗಾಂಶವು ವಿಶ್ರಾಂತಿಯಲ್ಲಿ ಕಡಿಮೆ ಶಕ್ತಿಯನ್ನು ಬಳಸುವುದರಿಂದ, ಎತ್ತರವನ್ನು ಸೇರಿಸಿದ ಉತ್ತರ ಇಲ್ಲಿ ಹೆಚ್ಚು ಸಮಂಜಸವಾಗಿ ಕಾಣುತ್ತದೆ. ಸ್ಥೂಲಕಾಯದ ಮಗುವಿಗೆ ‘ಇರಬೇಕಾದ ತೂಕ’ವನ್ನು ಹಾಕಿ ಲೆಕ್ಕ ಮಾಡುವ ಅಭ್ಯಾಸವನ್ನು ಮಾತ್ರ ಮಾಡಬೇಡಿ, ಈ ಸಮೀಕರಣಗಳನ್ನು ನಿಜವಾದ ತೂಕದಿಂದಲೇ ಕಟ್ಟಲಾಗಿದೆ.

## ಸಮೀಕರಣ ಕೈಕೊಡುವ ಸಂದರ್ಭಗಳು

ಅವಧಿಗೆ ಮುನ್ನ ಹುಟ್ಟಿದ ಶಿಶುಗಳಿಗೆ ಮೊದಲ ವಯೋಗುಂಪಿನ ಸಾಲನ್ನು ಎಂದಿಗೂ ಬಳಸಬಾರದು. ಗಂಡು ಶಿಶುವಿನ ಉದ್ದ 41 ಸೆಂ.ಮೀ., ತೂಕ 1.5 ಕೆ.ಜಿ. ಇದ್ದರೆ ಸೂತ್ರವು ದಿನಕ್ಕೆ 5 ಕಿಲೋಕ್ಯಾಲರಿ ಎಂದು ಹೇಳುತ್ತದೆ. ಉದ್ದ ಇನ್ನೂ ಕಡಿಮೆಯಿದ್ದರೆ ಉತ್ತರ ಸೊನ್ನೆಗಿಂತ ಕೆಳಗಿಳಿಯುತ್ತದೆ. ಕಳೆಯುವ ಸ್ಥಿರಾಂಕ ದೊಡ್ಡದಾಗಿರುವುದೇ ಇದಕ್ಕೆ ಕಾರಣ. ಅಂಥ ಶಿಶುಗಳ ಆಹಾರವನ್ನು ನವಜಾತ ಶಿಶು ಘಟಕದ ವೈದ್ಯರು ಬೇರೆಯೇ ಕ್ರಮದಲ್ಲಿ ನಿರ್ಧರಿಸುತ್ತಾರೆ.

ಬಹಳ ಕೃಶವಾದ ಮಕ್ಕಳ ಸಂಗತಿ ಇದಕ್ಕಿಂತ ಸೂಕ್ಷ್ಮವಾದದ್ದು, ಏಕೆಂದರೆ ಅಲ್ಲಿ ಉತ್ತರ ಅಸಂಬದ್ಧವಾಗಿ ಕಾಣುವುದಿಲ್ಲ. ಇಪ್ಪತ್ತು ತಿಂಗಳ, 81 ಸೆಂ.ಮೀ. ಉದ್ದದ ಇಬ್ಬರು ಗಂಡು ಮಕ್ಕಳಿದ್ದಾರೆ ಎಂದುಕೊಳ್ಳಿ. ಒಬ್ಬನ ತೂಕ 9.8 ಕೆ.ಜಿ., ಇನ್ನೊಬ್ಬನದು 8 ಕೆ.ಜಿ. ಮಾತ್ರ. ತೂಕ ಮತ್ತು ಎತ್ತರದ ಸಮೀಕರಣ ಇಬ್ಬರಿಗೂ 613 ಕಿಲೋಕ್ಯಾಲರಿಯನ್ನೇ ಕೊಡುತ್ತದೆ. ತೂಕ ಮಾತ್ರದ ಸಮೀಕರಣವಾದ 59.512 W - 30.4 ಮೊದಲನೆಯವನಿಗೆ 553, ಎರಡನೆಯವನಿಗೆ 446 ಕೊಡುತ್ತದೆ. ಕೃಶನಾದ ಮಗುವಿನಲ್ಲಿ ಎರಡು ಉತ್ತರಗಳ ನಡುವೆ 167 ಕಿಲೋಕ್ಯಾಲರಿ ಅಂತರ ಬಿದ್ದಿದೆ. ಮೂರು ವರ್ಷದೊಳಗಿನ ಗಂಡು ಮಗುವಿನ ಲೆಕ್ಕದಲ್ಲಿ ಇಷ್ಟು ಅಂತರ ಕಂಡರೆ ಸಮೀಕರಣವನ್ನು ಅಲ್ಲಿಗೇ ನಿಲ್ಲಿಸಿ, ತೋಳಿನ ಸುತ್ತಳತೆಯನ್ನು ನೋಡಿ. ಆರು ತಿಂಗಳಿಂದ ಐದು ವರ್ಷದೊಳಗಿನ ಮಗುವಿನ ತೋಳಿನ ಸುತ್ತಳತೆ 11.5 ಸೆಂ.ಮೀ.ಗಿಂತ ಕಡಿಮೆಯಿದ್ದರೆ, ಅಥವಾ ಎರಡೂ ಪಾದಗಳಲ್ಲಿ ಊತವಿದ್ದರೆ, ಅದು ತೀವ್ರ ಅಪೌಷ್ಟಿಕತೆ. ಅಂಥ ಮಗುವನ್ನು ಕೂಡಲೇ ಆರೋಗ್ಯ ಕೇಂದ್ರಕ್ಕೆ ತೋರಿಸಬೇಕು. ಪೌಷ್ಟಿಕ ಪುನಶ್ಚೇತನ ಕೇಂದ್ರದಲ್ಲಿ ಆಹಾರವನ್ನು ಹಂತಹಂತವಾಗಿ ಏರಿಸುವ ಬೇರೆ ವಿಧಾನವಿದೆ, ಮತ್ತು ಮನೆಯಲ್ಲಿ ಒಮ್ಮೆಲೇ ಹೆಚ್ಚು ತಿನ್ನಿಸುವುದು ಪ್ರಾಣಕ್ಕೇ ಅಪಾಯ ತರಬಹುದು.

ಗಂಭೀರವಾಗಿ ಕಾಯಿಲೆ ಬಿದ್ದು ತೀವ್ರ ನಿಗಾ ಘಟಕದಲ್ಲಿರುವ ಮಗುವಿಗೆ ಇಂಡೈರೆಕ್ಟ್ ಕ್ಯಾಲರಿಮೆಟ್ರಿ, ಅಂದರೆ ಉಸಿರಿನ ಆಮ್ಲಜನಕ ಮತ್ತು ಇಂಗಾಲದ ಡೈಆಕ್ಸೈಡನ್ನು ಅಳೆದು ಶಕ್ತಿವ್ಯಯವನ್ನು ತಿಳಿಯುವ ವಿಧಾನವೇ ಮೊದಲ ಆಯ್ಕೆ. ಆ ಯಂತ್ರ ಇಲ್ಲದ ಕಡೆ ಸ್ಕೋಫೀಲ್ಡ್ ಸಮೀಕರಣವನ್ನು ಬಳಸಬಹುದೆಂದು ಅಮೆರಿಕದ ತಜ್ಞ ಸಂಘಗಳ 2017ರ ಮಾರ್ಗಸೂಚಿ ಹೇಳುತ್ತದೆ, ಆದರೆ ಅದಕ್ಕೆ ಒತ್ತಡದ ಗುಣಕವನ್ನು ಸೇರಿಸಬಾರದು ಎಂಬ ಷರತ್ತಿದೆ. ಜ್ವರಕ್ಕೆ ಇಷ್ಟು, ಶಸ್ತ್ರಚಿಕಿತ್ಸೆಗೆ ಇಷ್ಟು ಎಂದು ಹಳೆಯ ಪುಸ್ತಕಗಳಲ್ಲಿರುವ ಶೇಕಡಾವಾರುಗಳನ್ನು ಕೂಡಿಸುತ್ತಾ ಹೋದರೆ ಉಸಿರಾಟದ ಯಂತ್ರದ ಮೇಲೆ ಅಲುಗಾಡದೆ ಮಲಗಿರುವ ಮಗುವಿಗೆ ಅಗತ್ಯಕ್ಕಿಂತ ಹೆಚ್ಚು ಆಹಾರ ಹೋಗುತ್ತದೆ.

ಆರೋಗ್ಯವಂತ ಭಾರತೀಯ ಮಕ್ಕಳಲ್ಲಿಯೂ ಉತ್ತರ ಸ್ವಲ್ಪ ಮೇಲಕ್ಕೆ ವಾಲುವ ಸಾಧ್ಯತೆಯಿದೆ. ಸ್ಕೋಫೀಲ್ಡ್ ಬಳಸಿದ ಅಳತೆಗಳಲ್ಲಿ ಇಟಲಿಯವರ ಪಾಲು ಬಹಳ ದೊಡ್ಡದಾಗಿತ್ತು, ಅವರ ವಿಶ್ರಾಂತ ಶಕ್ತಿವ್ಯಯ ಇತರರದಕ್ಕಿಂತ ಹೆಚ್ಚಿತ್ತು. ಉಷ್ಣವಲಯದವರ ಪ್ರಾತಿನಿಧ್ಯ ಕಡಿಮೆಯಿತ್ತು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜು ಭಾರತೀಯ ವಯಸ್ಕರ ಮೂಲ ಶಕ್ತಿವ್ಯಯವನ್ನು ಅಳೆಯುವ ಕೆಲಸವನ್ನು ದೀರ್ಘಕಾಲದಿಂದ ಮಾಡಿಕೊಂಡು ಬಂದಿರುವ ಸಂಸ್ಥೆಗಳಲ್ಲಿ ಒಂದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೂ ವಯಸ್ಕರ ಲೆಕ್ಕದಲ್ಲಿ ಅಂತರರಾಷ್ಟ್ರೀಯ ಸಮೀಕರಣಗಳ ಉತ್ತರವನ್ನು ಶೇಕಡಾ 5ರಷ್ಟು ಇಳಿಸಿ ಬಳಸಿತ್ತು. ಮಕ್ಕಳ ಉತ್ತರದಿಂದ ನೀವೇ 5 ಶೇಕಡಾ ಕಳೆಯಬೇಕೆಂದು ನಾನು ಹೇಳುವುದಿಲ್ಲ. ಆ ಇಳಿಕೆ ವಯಸ್ಕರಿಗೆ ಸಂಬಂಧಿಸಿದ್ದು. ಉತ್ತರವನ್ನು ಮೇಲ್ಮಿತಿಯ ಹತ್ತಿರದ ಅಂದಾಜೆಂದು ಓದಿದರೆ ಸಾಕು.

## ಹಂತ 7: ಉತ್ತರವನ್ನು ಯಾವುದಕ್ಕೆ ಬಳಸಬಹುದು

ಇಲ್ಲಿ ಬಂದ ಅಂಕಿ ಮಗು ಮಲಗಿ ವಿಶ್ರಮಿಸುತ್ತಿದ್ದರೆ ಹೃದಯ, ಮಿದುಳು, ಯಕೃತ್ತು, ಉಸಿರಾಟ ಇವಕ್ಕೆಲ್ಲ ದಿನವೊಂದಕ್ಕೆ ಬೇಕಾಗುವ ಶಕ್ತಿ. ಅದು ದಿನದ ಊಟದ ಗುರಿಯಲ್ಲ. ಓಡಾಟ, ಆಟ, ಆಹಾರ ಜೀರ್ಣಿಸುವ ಖರ್ಚು, ಬೆಳವಣಿಗೆ ಯಾವುದೂ ಅದರಲ್ಲಿ ಪೂರ್ತಿಯಾಗಿ ಸೇರಿಲ್ಲ. ಇದನ್ನು ಮರೆತು 1160 ಕಿಲೋಕ್ಯಾಲರಿಯ ಆಹಾರಪಟ್ಟಿಯನ್ನು ಹನ್ನೊಂದು ವರ್ಷದ ಹುಡುಗಿಗೆ ಬರೆದುಕೊಟ್ಟರೆ ಅವಳನ್ನು ಹಸಿವಿನಲ್ಲಿ ಇಟ್ಟಂತಾಗುತ್ತದೆ. ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಪಟ್ಟಿಯಲ್ಲಿ 10ರಿಂದ 12 ವರ್ಷದ ಹುಡುಗಿಯರಿಗೆ ದಿನಕ್ಕೆ 2060 ಕಿಲೋಕ್ಯಾಲರಿ ಎಂದಿದೆ. ಆ ಪಟ್ಟಿ ಇಟ್ಟುಕೊಂಡಿರುವ ತೂಕಕ್ಕೆ ನಮ್ಮ ಉದಾಹರಣೆಯ ಹುಡುಗಿಯ ತೂಕ ಹತ್ತಿರವೇ ಇದೆ, ಹೀಗಾಗಿ ವಿಶ್ರಾಂತ ಅಗತ್ಯವು ಒಟ್ಟು ಅಗತ್ಯದ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಎಂಬುದು ಕಾಣುತ್ತದೆ. ಆರೋಗ್ಯವಂತ ಮಗುವಿನ ದಿನದ ಊಟವನ್ನು ಯೋಜಿಸುವವರು ಆ ಪಟ್ಟಿಯಿಂದಲೇ ಆರಂಭಿಸುವುದು ಮೇಲು. ಸ್ಕೋಫೀಲ್ಡ್ ಉತ್ತರ ನಿಜವಾಗಿ ಉಪಯೋಗಕ್ಕೆ ಬರುವುದು ಆಸ್ಪತ್ರೆಯಲ್ಲಿ ಓಡಾಟವಿಲ್ಲದ ಮಗುವಿಗೆ ನಳಿಕೆಯ ಮೂಲಕ ಕೊಡುವ ಆಹಾರದ ಆರಂಭದ ಪ್ರಮಾಣವನ್ನು ವೈದ್ಯರ ಜೊತೆ ಗೊತ್ತುಮಾಡುವಾಗ, ಮತ್ತು ಕ್ಯಾಲರಿಮೆಟ್ರಿಯಿಂದ ಬಂದ ಅಳತೆಯನ್ನು ಹೋಲಿಸಿ ನೋಡುವಾಗ.

ದಾಖಲೆಯಲ್ಲಿ ಉತ್ತರವನ್ನು ಒಂಟಿಯಾಗಿ ಬರೆಯಬೇಡಿ. ಅಳತೆಯ ದಿನಾಂಕ, ಆ ದಿನದ ವಯಸ್ಸು, ತೂಕ, ಎತ್ತರ, ನಿಲ್ಲಿಸಿ ಅಳೆದದ್ದೋ ಮಲಗಿಸಿ ಅಳೆದದ್ದೋ, ಬಳಸಿದ ಸಮೀಕರಣದ ಹೆಸರು ಮತ್ತು ವಯೋಗುಂಪು, ಇಷ್ಟೂ ಜೊತೆಗಿರಲಿ. ಮಗು ಆಸ್ಪತ್ರೆಯಲ್ಲಿದ್ದರೆ ತೂಕ ಬದಲಾದಾಗಲೆಲ್ಲ ಮತ್ತೆ ಲೆಕ್ಕ ಹಾಕಿ. ಮೂರನೆಯ ಅಥವಾ ಹತ್ತನೆಯ ಹುಟ್ಟುಹಬ್ಬ ಚಿಕಿತ್ಸೆಯ ನಡುವೆ ಬಂದರೆ ಹೊಸ ಗುಂಪಿನ ಸಾಲಿಗೆ ಬದಲಾಯಿಸಿದ ದಿನವನ್ನು ಗುರುತಿಸಿಡಿ. 30 ಕೆ.ಜಿ., 138 ಸೆಂ.ಮೀ. ಇರುವ ಹುಡುಗಿಗೆ ಹತ್ತನೆಯ ಹುಟ್ಟುಹಬ್ಬದ ಹಿಂದಿನ ದಿನ 1104 ಬಂದು ಮರುದಿನ 1093 ಬರುತ್ತದೆ. ಈ ಹನ್ನೊಂದು ಕಿಲೋಕ್ಯಾಲರಿಯ ಇಳಿಕೆ ಸಾಲು ಬದಲಾದದ್ದರಿಂದ ಬಂದದ್ದು, ಮಗುವಿನ ದೇಹದಲ್ಲಿ ಏನೋ ಆಗಿದ್ದರಿಂದಲ್ಲ. ಆದ್ದರಿಂದ ಅದನ್ನು ನೋಡಿ ಆಹಾರದ ಪ್ರಮಾಣವನ್ನು ಕಡಿಮೆ ಮಾಡಬೇಡಿ.